ಬಂದ ಉಡುಗೊರೆ ಇನ್ನೊಬ್ಬರ ಮನೆಗೆ ಹೋಗುವಾಗ

(ಮಹಿಳಾ ಸಮಾಜದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಗೃಹಪ್ರವೇಶ ಮುಗಿದ ಮರುದಿನ ಹೊಸ ಮನೆಯ ಒಂದು ರೂಮು ಹೇಗಿರುತ್ತದೆ ಅಂತ ನಿಮಗೆಲ್ಲ ಗೊತ್ತು. ಗೋಡೆ ಗಡಿಯಾರ ನಾಲ್ಕಾರು ಬಂದಿರುತ್ತವೆ. ಗಣಪತಿಯ ಫೋಟೋ, ರಾಧಾಕೃಷ್ಣರ ಮೂರ್ತಿ, ಡಿನ್ನರ್ ಸೆಟ್ಟು, ಸ್ಟೀಲ್ ಡಬ್ಬಗಳು, ಒಂದಿಷ್ಟು ಸೀರೆ, ಎಣಿಸಲಾರದಷ್ಟು ರವಿಕೆ ಕಣ. ಮನೆಗೆ ಬೇಕಾಗುವುದು ಒಂದು ಗಡಿಯಾರ, ಒಂದು ಡಿನ್ನರ್ ಸೆಟ್ಟು. ಉಳಿದದ್ದು ಅಟ್ಟಕ್ಕೆ ಹೋಗುತ್ತದೆ. ಮುಂದೆ ಯಾರದೋ ಮದುವೆ ಬಂದಾಗ ಅದರಲ್ಲಿ ಒಂದು ಕೆಳಗೆ ಇಳಿದು, ಹೊಸ ಪೇಪರ್ ಸುತ್ತಿಸಿಕೊಂಡು ಹೊರಡುತ್ತದೆ.

ಇದು ತಪ್ಪು ಅಂತ ನಾನು ಹೇಳುವುದಿಲ್ಲ. ಒಂದು ಮನೆಗೆ ಹೆಚ್ಚಾದ ವಸ್ತು ಇನ್ನೊಂದು ಮನೆಯಲ್ಲಿ ಬಳಕೆಗೆ ಬಂದರೆ ಒಳ್ಳೆಯದೇ. ಆದರೆ ಇಬ್ಬರ ಮನಸ್ಸು ನೋಯದಂತೆ ನೋಡಿಕೊಳ್ಳಬೇಕು. ಒಬ್ಬರು ಕೊಟ್ಟವರು. ಇನ್ನೊಬ್ಬರು ಈಗ ಪಡೆಯುವವರು. ಕೊಟ್ಟವರಿಗೆ ಗೊತ್ತಾದರೆ 'ನಾವು ಆರಿಸಿ ತಂದದ್ದು ಇವರಿಗೆ ಬೇಡವಾಯಿತು' ಅನಿಸುತ್ತದೆ. ಪಡೆದವರಿಗೆ ಗೊತ್ತಾದರೆ 'ನಮಗೋಸ್ಕರ ಅಂಗಡಿಗೂ ಹೋಗಲಿಲ್ಲ' ಅನಿಸುತ್ತದೆ. ಗೊತ್ತಾಗುವ ದಾರಿಗಳು ಎರಡೇ. ಒಂದು, ವಸ್ತುವೇ ಹೇಳಿಬಿಡುತ್ತದೆ. ಇನ್ನೊಂದು, ಜನ ಹೇಳುತ್ತಾರೆ. ಇವತ್ತು ನಾನು ಈ ಎರಡರ ಬಗ್ಗೆಯೇ ಮಾತಾಡುತ್ತೇನೆ.

ಮೊದಲು ರವಿಕೆ ಕಣದ ವಿಷಯ. ಇದನ್ನು ನಾವು ಯಾರೂ ಮುಚ್ಚಿಡುವುದಿಲ್ಲ ಅಲ್ವಾ? ವರಮಹಾಲಕ್ಷ್ಮಿ ಹಬ್ಬಕ್ಕೆ, ಗೌರಿ ಹಬ್ಬಕ್ಕೆ, ನವರಾತ್ರಿಯ ಗೊಂಬೆ ನೋಡಲು ಹೋದಾಗ, ಅರಿಶಿನ ಕುಂಕುಮಕ್ಕೆ ಕರೆದಾಗ ಎಲೆ ಅಡಿಕೆಯ ಜೊತೆ ಒಂದು ಕಣ ಬರುತ್ತದೆ. ನಾವೂ ನಮ್ಮ ಮನೆಗೆ ಬಂದವರಿಗೆ ಕೊಡುತ್ತೇವೆ. ಬಂದದ್ದೆಲ್ಲ ಹೊಲಿಸಿಕೊಂಡು ಯಾರೂ ತೊಡುವುದಿಲ್ಲ. ಒಂದು ಕಣ ಎಷ್ಟು ಮನೆ ಸುತ್ತಿ ಬಂದಿದೆ ಅಂತ ಯಾರೂ ಕೇಳುವುದಿಲ್ಲ. ಅಲ್ಲಿ ಮುಖ್ಯವಾಗುವುದು ಕುಂಕುಮ ಕೊಟ್ಟು ಕಳಿಸಿದ ಮರ್ಯಾದೆ, ಬಟ್ಟೆ ಅಲ್ಲ. ಎಲ್ಲರಿಗೂ ಗೊತ್ತಿರುವುದರಿಂದ ಸಿಕ್ಕಿಬೀಳುವ ಮಾತೇ ಇಲ್ಲ.

ಹಾಗಂತ ರವಿಕೆ ಕಣಕ್ಕೂ ಕಟ್ಟುಪಾಡು ಇಲ್ಲದೆ ಇಲ್ಲ. ಕೊಟ್ಟ ಮನೆಗೇ ಅದೇ ಕಣ ಹಿಂತಿರುಗಿ ಹೋಗಬಾರದು. ಒಂದೇ ಹಬ್ಬದ ಓಡಾಟದಲ್ಲಿ ಹೀಗಾಗುವುದು ಜಾಸ್ತಿ. ಶುಕ್ರವಾರ ಮಧ್ಯಾಹ್ನ ಎದುರು ಮನೆಯಿಂದ ಬಂದದ್ದನ್ನು ಮೇಲ್ಗಡೆ ಇಟ್ಟಿರುತ್ತೇವೆ, ಸಂಜೆ ಅವಸರದಲ್ಲಿ ಅದೇ ಕೈಗೆ ಸಿಗುತ್ತದೆ. ಇದಕ್ಕೆ ಹಳೆಯ ಹೆಂಗಸರು ಮಾಡುವ ಉಪಾಯ ಸುಲಭ. ಹೊಸದಾಗಿ ಬಂದದ್ದನ್ನು ಗಂಟಿನ ಅಡಿಗೆ ಇಡುವುದು, ಕೊಡುವಾಗ ಮೇಲಿನಿಂದ ತೆಗೆಯುವುದು. ಇನ್ನು ಕಣವನ್ನು ಬಿಚ್ಚಿ ನೋಡಿ ಕೊಡಬೇಕು. ಒಂದು ಮೀಟರ್ ಅಂತ ಕಾಣುವ ಮಡಿಕೆಯೊಳಗೆ ಅರ್ಧ ಮೀಟರ್ ಚಿಲ್ಲರೆ ಮಾತ್ರ ಇರುವುದೂ ಉಂಟು. ಅಂಥದ್ದರಲ್ಲಿ ಯಾವ ದರ್ಜಿಯೂ ರವಿಕೆ ಹೊಲಿಯಲಾರ. ಅದನ್ನು ಯಾರಿಗೂ ಕೊಡದೆ ದೇವರ ಮಂಟಪದ ಹಾಸಿಗೋ ಇನ್ನಾವುದಕ್ಕೋ ಇಟ್ಟುಕೊಳ್ಳಿ. ಮಡಿಲು ತುಂಬಿದಾಗ ತವರಿನಿಂದ ಬಂದ ಕಣ, ಸೀರೆಗಳನ್ನು ಗಂಟಿಗೆ ಸೇರಿಸಬೇಡಿ. ನಮ್ಮ ಕಡೆ ಅದನ್ನು ಉಟ್ಟು ತೊಟ್ಟು ಬಳಸುತ್ತಾರೆಯೇ ಹೊರತು ದಾಟಿಸುವುದಿಲ್ಲ.

ಕಣ ಬಿಟ್ಟು ಬೇರೆ ವಸ್ತುವಿಗೆ ಬಂದ ಕೂಡಲೇ ಲೆಕ್ಕ ಬದಲಾಗುತ್ತದೆ. ಯಾಕೆಂದರೆ ಮದುವೆ, ಮುಂಜಿ, ಗೃಹಪ್ರವೇಶದ ಉಡುಗೊರೆ ನಮ್ಮಲ್ಲಿ ಮುಯ್ಯಿಯ ಒಳಗೆ ಬರುತ್ತದೆ. ಮದುವೆ ಮನೆಯಲ್ಲಿ ನೋಟ್ ಬುಕ್ ಹಿಡಿದು ಕೂತವರು ಹೆಸರು, ಊರು, ಮೊತ್ತ ಬರೆದುಕೊಳ್ಳುತ್ತಾರೆ. ನಾಳೆ ಅವರ ಮನೆಯಲ್ಲಿ ಶುಭಕಾರ್ಯ ಆದಾಗ ಆ ಪುಸ್ತಕ ತೆಗೆದು ನೋಡಿ, ಅಷ್ಟು ಅಥವಾ ಸ್ವಲ್ಪ ಹೆಚ್ಚು ಹಾಕುತ್ತೇವೆ. ದುಡ್ಡಿನ ಲೆಕ್ಕ ಹೀಗೆ ಸರಿಯಾಗಿ ಇರುತ್ತದೆ. ವಸ್ತುವಿನ ಲೆಕ್ಕ ಇರುವುದಿಲ್ಲ. ಪುಸ್ತಕದಲ್ಲಿ ಹೆಸರಿನ ಮುಂದೆ 'ಗಿಫ್ಟ್' ಅಂತ ಬರೆದು ಬಿಟ್ಟಿರುತ್ತಾರೆ. ರಾತ್ರಿ ಮನೆಯವರೆಲ್ಲ ಸೇರಿ ಪೇಪರ್ ಹರಿಯುವಾಗ ಯಾವ ಡಬ್ಬಿ ಯಾರದ್ದು ಅನ್ನುವ ಗುರುತು ಹೊರಟುಹೋಗುತ್ತದೆ. ಮುಂದೆ ಆಗುವ ಎಡವಟ್ಟಿಗೆಲ್ಲ ಮೂಲ ಈ ರಾತ್ರಿಯೇ.

ಆದ್ದರಿಂದ ಬಿಚ್ಚುವ ಕೆಲಸಕ್ಕೆ ಇಬ್ಬರು ಕೂರಬೇಕು. ಒಬ್ಬರು ಪೇಪರ್ ತೆಗೆಯುವುದು, ಇನ್ನೊಬ್ಬರು ಬರೆಯುವುದು. ಪೇಪರಿನ ಮೇಲಿನ ಹೆಸರಿನ ಚೀಟಿಯನ್ನು ಮೊದಲು ಓದಿ, ಆಮೇಲೆ ಹರಿಯಿರಿ. ವಸ್ತುವಿನ ಡಬ್ಬಿಯ ತಳದಲ್ಲಿ ಪೆನ್ಸಿಲ್‌ನಲ್ಲಿ ಒಂದು ನಂಬರ್ ಹಾಕಿ. ಅದೇ ನಂಬರಿನ ಮುಂದೆ ಪುಸ್ತಕದಲ್ಲಿ ಕೊಟ್ಟವರ ಹೆಸರು, ಯಾರ ಕಡೆಯವರು, ವಸ್ತು ಏನು ಅಂತ ಬರೆಯಿರಿ. ಡಬ್ಬಿಯ ಮೇಲೆ ಹೆಸರನ್ನೇ ಬರೆಯಬೇಡಿ. ಮುಂದೆ ಕೊಡುವಾಗ ಅಳಿಸಲು ಮರೆತರೆ ಅಲ್ಲಿಗೆ ಮುಗಿಯಿತು. ನಂಬರ್ ಆದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ.

'ಯಾರ ಕಡೆಯವರು' ಅನ್ನುವುದನ್ನು ಯಾಕೆ ಬರೆಯಬೇಕು ಅಂದರೆ, ಮುಂದೆ ಕೆಲಸಕ್ಕೆ ಬರುವುದು ಅದೇ. ನನ್ನ ತಂಗಿಯ ಮಗಳ ಮನೆಯಲ್ಲಿ ಆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅವಳ ಗೃಹಪ್ರವೇಶಕ್ಕೆ ಗಾಜಿನ ಡಿನ್ನರ್ ಸೆಟ್ಟು ಮೂರು ಬಂದಿದ್ದವು. ಅದಾದ ಮೇಲೆ ಅವರು ಮೊದಲು ಬಾಡಿಗೆಗಿದ್ದ ಮನೆಯ ಓನರ್ ಮಗಳ ಮದುವೆ ಬಂತು. ಒಂದು ಸೆಟ್ಟನ್ನು ಅಲ್ಲಿಗೆ ಕೊಡೋಣ ಅಂತ ಅವಳ ಆಲೋಚನೆ. ಗಂಡನ ಆಫೀಸಿನ ಸ್ನೇಹಿತರೊಬ್ಬರು ಕೊಟ್ಟದ್ದನ್ನು ಆರಿಸಿದ್ದಳು. ಆಫೀಸಿನವರಿಗೂ ಓನರ್ ಮನೆಯವರಿಗೂ ಯಾವ ಸಂಬಂಧವೂ ಇಲ್ಲ. ಆಯ್ಕೆ ಸರಿಯಾಗಿಯೇ ಇತ್ತು. "ದೊಡ್ಡಮ್ಮ, ಪ್ಯಾಕ್ ಬಿಚ್ಚೇ ಇಲ್ಲ. ಹಾಗೇ ಕೊಟ್ಟರೆ ಹೊಸದಾಗೇ ಇರುತ್ತಲ್ವಾ?" ಅಂದಳು. "ಬಿಚ್ಚದೆ ಮಾತ್ರ ಕೊಡಬೇಡ ಕಣೆ" ಅಂತ ನಾನು ಅಂದೆ.

ಬಿಚ್ಚಿ ನೋಡಿದೆವು. ಪೇಪರಿಗೂ ಡಬ್ಬಿಗೂ ಮಧ್ಯೆ ಕೊಟ್ಟವರ ವಿಸಿಟಿಂಗ್ ಕಾರ್ಡ್ ಇತ್ತು. ಡಬ್ಬಿಯ ಮುಚ್ಚಳದ ಒಳಭಾಗದಲ್ಲಿ 'ಗೃಹಪ್ರವೇಶದ ಶುಭಾಶಯಗಳು' ಅನ್ನುವ ಸ್ಟಿಕರ್ ಇತ್ತು. ಮದುವೆಗೆ ಕೊಟ್ಟ ಡಬ್ಬಿಯಲ್ಲಿ ಗೃಹಪ್ರವೇಶದ ಸ್ಟಿಕರ್ ಇದ್ದಿದ್ದರೆ ವಿವರಣೆ ಏನು ಕೊಡುವುದು? ತಟ್ಟೆ, ಬಟ್ಟಲುಗಳನ್ನು ಒಂದೊಂದಾಗಿ ಹೊರಗೆ ತೆಗೆದು, ಡಬ್ಬಿಯ ಮೇಲೆ ಬರೆದಿದ್ದ ಸಂಖ್ಯೆಗೆ ತಾಳೆ ನೋಡಿದೆವು. ಸಂಖ್ಯೆ ಸರಿ ಇತ್ತು, ಆದರೆ ಒಂದು ಸಣ್ಣ ಬಟ್ಟಲಿನ ಅಂಚು ಚಕ್ಕೆ ಎದ್ದಿತ್ತು. ಗಾಜಿನ ಸಾಮಾನು ಅಂಗಡಿಯಿಂದ ಕಲ್ಯಾಣ ಮಂಟಪಕ್ಕೆ, ಅಲ್ಲಿಂದ ಮನೆಗೆ, ಮನೆಯಿಂದ ಅಟ್ಟಕ್ಕೆ ಹೋಗುವಾಗ ಹೀಗಾಗುವುದು ಸಹಜ. ಮದುವೆ ಹುಡುಗಿಗೆ ಒಡೆದದ್ದನ್ನು ಕೊಡಲು ಸಾಧ್ಯವೇ ಇಲ್ಲ. ಅದು ಬರೀ ಸಿಕ್ಕಿಬೀಳುವ ಪ್ರಶ್ನೆ ಅಲ್ಲ, ಶುಭಕಾರ್ಯಕ್ಕೆ ಒಡೆದ ಪಾತ್ರೆ ಕೊಟ್ಟರು ಅಂತ ಮನಸ್ಸಿಗೆ ಚುಚ್ಚುತ್ತದೆ. ಆ ಸೆಟ್ಟನ್ನು ಅವಳು ತನ್ನ ಮನೆಯಲ್ಲೇ ಬಳಸಲು ಇಟ್ಟುಕೊಂಡಳು.

ಉಳಿದ ಎರಡರಲ್ಲಿ ಒಂದು ತವರಿನವರು ಕೊಟ್ಟದ್ದು. ಅದನ್ನು ಕೊಡುವ ಮಾತಿಲ್ಲ. ಇನ್ನೊಂದು ಅವಳ ಗಂಡನ ಚಿಕ್ಕಮ್ಮ ಕೊಟ್ಟದ್ದು. ಈಗ ಯೋಚನೆ ಮಾಡಬೇಕಾಯಿತು. ಯಾಕೆಂದರೆ ಓನರ್ ಮನೆಯವರು ಗೃಹಪ್ರವೇಶಕ್ಕೆ ಬಂದಿದ್ದರು. ಚಿಕ್ಕಮ್ಮ ಡಬ್ಬಿ ಕೊಡುವಾಗ ಅವರು ಅಲ್ಲೇ ಕೂತಿದ್ದರಾ? ವಿಚಾರಿಸಿದೆವು. ಚಿಕ್ಕಮ್ಮ ಹಿಂದಿನ ದಿನ ಸಂಜೆ, ವಾಸ್ತು ಹೋಮದ ಹೊತ್ತಿಗೆ ಕೊಟ್ಟಿದ್ದರು. ಓನರ್ ಮನೆಯವರು ಮರುದಿನ ಸತ್ಯನಾರಾಯಣ ಪೂಜೆಗೆ ಬಂದು ಊಟ ಮಾಡಿ ಹೋಗಿದ್ದರು. ಫೋಟೋಗಳನ್ನೂ ನೋಡಿದೆವು. ಚಿಕ್ಕಮ್ಮ ಡಬ್ಬಿ ಹಿಡಿದು ನಿಂತ ಫೋಟೋ ಒಂದು ಇತ್ತು, ಆದರೆ ಅದು ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ಹೋಗಿತ್ತು, ಸ್ಟೇಟಸ್‌ಗೆ ಹಾಕಿರಲಿಲ್ಲ. ಈಗ ಈ ಫೋಟೋ ನೋಡುವ ಕೆಲಸ ತುಂಬಾ ಮುಖ್ಯ. ಮೊದಲು ಕಣ್ಣಲ್ಲಿ ನೋಡಿದವರ ನೆನಪು ಮಾತ್ರ ಸಾಕ್ಷಿಯಾಗಿತ್ತು. ಈಗ ಆಲ್ಬಂ, ವಿಡಿಯೋ, ಸ್ಟೇಟಸ್ ಎಲ್ಲದರಲ್ಲೂ ಡಬ್ಬಿಯ ಬಣ್ಣ, ಗಾತ್ರ, ಮೇಲಿನ ಚಿತ್ರ ಉಳಿದಿರುತ್ತದೆ.

ಆ ಸೆಟ್ಟನ್ನು ಬಿಚ್ಚಿ ಎಣಿಸಿದೆವು. ಎಲ್ಲ ಸರಿಯಿತ್ತು. ಚೀಟಿ, ಸ್ಟಿಕರ್ ಏನೂ ಇರಲಿಲ್ಲ. ತಯಾರಾದ ತಿಂಗಳು ಮತ್ತು ವರ್ಷ ಡಬ್ಬಿಯ ಮೇಲೆ ಅಚ್ಚಾಗಿತ್ತು. ಪ್ಯಾಕ್ ಆಗಿ ಮಾರುವ ಸಾಮಾನಿನ ಮೇಲೆ ಅದು ಇದ್ದೇ ಇರುತ್ತದೆ. ಅದು ಒಂದು ವರ್ಷಕ್ಕಿಂತ ಸ್ವಲ್ಪ ಹಿಂದಿನದು. ಗಾಜಿನ ಸೆಟ್ಟಿಗೆ ಅದು ದೊಡ್ಡ ವಿಷಯ ಅಲ್ಲ, ಅಂಗಡಿಯಲ್ಲೂ ಅಷ್ಟು ಹಳೆಯದು ಸಿಗುತ್ತದೆ. ನಾಲ್ಕೈದು ವರ್ಷ ಹಳೆಯದಾಗಿದ್ದರೆ ಕೊಡಬೇಡ ಅನ್ನುತ್ತಿದ್ದೆ. ಹೊಸ ಪೇಪರ್ ಹಾಕಿಸಿ, ಮದುವೆಯ ಕಾರ್ಡ್ ಅಂಟಿಸಿ ಕೊಟ್ಟಳು. ಪುಸ್ತಕದಲ್ಲಿ ಆ ನಂಬರಿನ ಮುಂದೆ ಯಾರಿಗೆ ಹೋಯಿತು ಅಂತಲೂ ಬರೆದಿಟ್ಟಳು.

ಆಮೇಲೆ ಒಂದು ದಿನ ಚಿಕ್ಕಮ್ಮ ಮನೆಗೆ ಬಂದರು. ಊಟಕ್ಕೆ ಕೂತಾಗ "ನಾನು ಕೊಟ್ಟ ಸೆಟ್ಟು ತೆಗೆದೇ ಇಲ್ವೇನಮ್ಮಾ?" ಅಂತ ಕೇಳಿದರು. ನನ್ನ ತಂಗಿಯ ಮಗಳು ಸುಳ್ಳು ಹೇಳಲಿಲ್ಲ. "ಚಿಕ್ಕಮ್ಮ, ಅವತ್ತು ಮೂರು ಬಂದಿದ್ದವು. ನಿಮ್ಮದು ಚೆನ್ನಾಗಿತ್ತು ಅಂತಲೇ ಓನರ್ ಆಂಟಿ ಮಗಳ ಮದುವೆಗೆ ಅದನ್ನು ಕೊಟ್ಟೆವು. ಅವರು ನಮ್ಮನ್ನು ಮನೆ ಮಕ್ಕಳ ಥರ ನೋಡ್ಕೊಂಡಿದ್ದರು" ಅಂದಳು. ಚಿಕ್ಕಮ್ಮ ಒಂದು ಕ್ಷಣ ಸುಮ್ಮನಾದರು. ಆಮೇಲೆ "ಒಳ್ಳೇದಾಯ್ತು ಬಿಡು. ಆದ್ರೆ ಒಂದು ಮಾತು ಕೇಳಿದ್ರೆ, ನನ್ನ ಸೊಸೆಗೇ ಅಂಥದ್ದು ಬೇಕಿತ್ತು" ಅಂದರು.

ಆ ಮಾತಿನಲ್ಲಿ ನಾವು ಗಮನಿಸಬೇಕಾದದ್ದು ಇದೆ. ಮನೆಗೆ ಬಂದು ಹೋಗುವ ಹತ್ತಿರದ ಬಂಧುಗಳ ವಸ್ತುವಿನ ವಿಷಯದಲ್ಲಿ ಮುಚ್ಚಿಡುವ ಉಪಾಯ ಹುಡುಕಬೇಡಿ. ಅವರು ಬರುತ್ತಾರೆ, ಅಡುಗೆ ಮನೆಗೂ ಬರುತ್ತಾರೆ, ಕೇಳಿಯೂ ಕೇಳುತ್ತಾರೆ. ಮೊದಲೇ ಒಂದು ಫೋನ್ ಮಾಡಿ "ಹೀಗೆ ಮೂರು ಬಂದಿವೆ, ನಿಮ್ಮದನ್ನು ಇಂಥವರಿಗೆ ಕೊಡಲಾ?" ಅಂತ ಕೇಳಿದರೆ ಮುಗಿಯಿತು. ಹತ್ತರಲ್ಲಿ ಒಂಬತ್ತು ಜನ ಸಂತೋಷವಾಗಿ ಹೂಂ ಅನ್ನುತ್ತಾರೆ. ಗುಟ್ಟಾಗಿ ದಾಟಿಸಬಹುದಾದದ್ದು ದೂರದವರ ಉಡುಗೊರೆಯನ್ನು ಮಾತ್ರ. ನಮ್ಮ ಮನೆಯೊಳಗಿನ ಬಳಕೆ ಅವರ ಕಣ್ಣಿಗೆ ಬೀಳುವುದಿಲ್ಲ.

ಜನರ ಬಳಗ ಅಂದಾಗ ನಾವು ನೆಂಟರನ್ನು ಮಾತ್ರ ನೆನೆಯುತ್ತೇವೆ. ಅದು ಸಾಲದು. ಗಂಡನ ಕಡೆಯವರು ಕೊಟ್ಟದ್ದನ್ನು ಹೆಂಡತಿಯ ಕಡೆಯವರಿಗೆ ಕೊಟ್ಟರೆ ಕ್ಷೇಮ ಅಂತ ತುಂಬಾ ಜನ ತಿಳಿದಿದ್ದಾರೆ. ಬೀಗರು ಬೀಗರು ಎಲ್ಲ ಶುಭಕಾರ್ಯದಲ್ಲೂ ಒಂದೇ ಸಾಲಿನಲ್ಲಿ ಕೂತು ಊಟ ಮಾಡುತ್ತಾರೆ, ಮಾತಾಡಲು ಅವರಿಗೆ ಇರುವುದೂ ಇಂಥ ವಿಷಯಗಳೇ. ನಮ್ಮಲ್ಲಿ ಸಂಬಂಧದೊಳಗೇ ಮದುವೆಗಳೂ ಆಗುತ್ತವೆ, ಹಾಗಾಗಿ ಎರಡು ಕಡೆ ಅಂದುಕೊಂಡದ್ದು ಒಂದೇ ಕಡೆ ಆಗಿರುತ್ತದೆ. ನನ್ನ ಪ್ರಕಾರ ಒಳ್ಳೆಯ ಗೆರೆ ಇದು: ಕೊಟ್ಟವರೂ ಪಡೆಯುವವರೂ ಮುಂದೆ ಒಂದೇ ಮದುವೆಯಲ್ಲಿ ಎದುರಾಗುವ ಸಾಧ್ಯತೆ ಇದೆಯಾ? ಇದ್ದರೆ ಆ ವಸ್ತು ಅಲ್ಲಿಗೆ ಬೇಡ. ನೆಂಟರದ್ದು ಆಫೀಸಿಗೆ, ಆಫೀಸಿನದ್ದು ನೆರೆಹೊರೆಗೆ, ನೆರೆಹೊರೆಯದ್ದು ಬೇರೆ ಊರಿನ ಸ್ನೇಹಿತರಿಗೆ ಹೋಗಲಿ.

ಸೀರೆಯ ವಿಷಯದಲ್ಲಿ ಈ ಗೆರೆಯನ್ನು ಇನ್ನೂ ಬಿಗಿಯಾಗಿ ಹಿಡಿಯಬೇಕು. ಡಿನ್ನರ್ ಸೆಟ್ಟನ್ನು ಕೊಟ್ಟವರು ಮರೆಯಬಹುದು. ತಾವು ಕೊಟ್ಟ ಸೀರೆಯನ್ನು ಹೆಂಗಸರು ಮರೆಯುವುದಿಲ್ಲ. ಅಂಗಡಿಯಲ್ಲಿ ಗಂಟೆಗಟ್ಟಲೆ ಕೂತು, ಹತ್ತಾರು ಸೀರೆ ಹರಡಿಸಿ, ಅಂಚು ಸೆರಗು ನೋಡಿ ಆರಿಸಿರುತ್ತಾರೆ. ಜೊತೆಗೆ ತಂಗಿಯೋ ಅತ್ತಿಗೆಯೋ ಇರುತ್ತಾರೆ, ಅವರಿಗೂ ನೆನಪಿರುತ್ತದೆ. ಪಾತ್ರೆ ಅಡುಗೆ ಮನೆಯಲ್ಲಿ ಉಳಿಯುತ್ತದೆ, ಸೀರೆಯನ್ನು ಉಟ್ಟುಕೊಂಡು ಮದುವೆಗೆ ಬರುತ್ತಾರೆ. ಹಾಗಾಗಿ ಸೀರೆಯನ್ನು ಒಂದೇ ಊರಿನ, ಒಂದೇ ಬಳಗದ ಒಳಗೆ ದಾಟಿಸಲೇಬಾರದು ಅಂತ ನನ್ನ ಅಭಿಪ್ರಾಯ.

ಬೇರೆ ಊರಿಗೆ ಕೊಡುವಾಗಲೂ ಸೀರೆಯನ್ನು ಪೂರ್ತಿ ಬಿಡಿಸಿ ನೋಡಿ. ಫಾಲ್ ಹಾಕಿಸಿದ್ದರೆ, ಸೆರಗಿಗೆ ಕುಚ್ಚು ಕಟ್ಟಿಸಿದ್ದರೆ, ಜೊತೆಗಿನ ರವಿಕೆ ಬಟ್ಟೆ ಕತ್ತರಿಸಿದ್ದರೆ ಅದು ಹೊಸ ಸೀರೆ ಅಲ್ಲ. ಉಟ್ಟಿಲ್ಲ ಅಂತ ನೀವು ಹೇಳಬಹುದು, ನೋಡುವವರು ನಂಬುವುದಿಲ್ಲ. ರೇಷ್ಮೆ ಸೀರೆ ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ಮಡಿಕೆಯ ಗೆರೆಯಲ್ಲಿ ಬಣ್ಣ ಮಾಸುತ್ತದೆ, ಜರಿ ಇರುವ ಕಡೆ ಸೀಳುತ್ತದೆ. ಸೀರೆಯನ್ನು ಬೆಳಕಿಗೆ ಹಿಡಿದರೆ ಆ ಗೆರೆ ಕಾಣುತ್ತದೆ. ನುಸಿ ಗುಳಿಗೆಯ ವಾಸನೆ ಇದ್ದರೆ ಬೀರುವಿನಲ್ಲಿ ಇದ್ದದ್ದು ಅಂತ ಕೈಗೆ ತೆಗೆದುಕೊಂಡ ಕೂಡಲೇ ಗೊತ್ತಾಗುತ್ತದೆ. ಎರಡು ಮೂರು ದಿನ ನೆರಳಿನಲ್ಲಿ ಗಾಳಿಗೆ ಹರವಿದರೆ ವಾಸನೆ ಹೋಗುತ್ತದೆ. ಬಿಸಿಲಿಗೆ ಹಾಕಬೇಡಿ, ಬಣ್ಣ ಹೋಗುತ್ತದೆ. ಕೊಡಬೇಕು ಅಂತ ತೀರ್ಮಾನ ಮಾಡಿದ ಸೀರೆಯನ್ನು ವರ್ಷಗಟ್ಟಲೆ ಇಟ್ಟುಕೊಳ್ಳಬೇಡಿ. ಇಟ್ಟಷ್ಟೂ ಅದು ಕೊಡಲು ಲಾಯಕ್ಕಿಲ್ಲದ್ದು ಆಗುತ್ತದೆ.

ಬೆಳ್ಳಿಯ ಕುಂಕುಮ ಭರಣಿ, ಸಣ್ಣ ದೀಪ, ಲೋಟಗಳು ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಅಂಶದಿಂದ. ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕಿಟ್ಟರೆ ಇನ್ನೂ ಬೇಗ ಕಪ್ಪಾಗುತ್ತದೆ, ರಬ್ಬರಿನಲ್ಲೂ ಗಂಧಕ ಇದೆ. ವಿಭೂತಿ ಹಾಕಿ ಮೆತ್ತನೆ ಬಟ್ಟೆಯಲ್ಲಿ ಉಜ್ಜಿದರೆ ಹೊಳಪು ಬರುತ್ತದೆ, ಆದರೆ ಕೆತ್ತನೆಯ ಸಂದುಗಳಲ್ಲಿ ಕಪ್ಪು ಉಳಿದುಬಿಡುತ್ತದೆ. ಅಲ್ಲಿ ನೋಡಿಯೇ ಕೊಡಿ. ನಿಜ ಹೇಳಬೇಕೆಂದರೆ ಬೆಳ್ಳಿಯನ್ನು ಗುಟ್ಟಾಗಿ ದಾಟಿಸುವ ಅಗತ್ಯವೇ ಇಲ್ಲ. ನಾಲ್ಕು ಭರಣಿ ಇದ್ದರೆ ಬೆಳ್ಳಿ ಅಂಗಡಿಗೆ ಕೊಂಡೊಯ್ದು, ತೂಕಕ್ಕೆ ಹಾಕಿ, ಒಂದು ಒಳ್ಳೆಯ ದೀಪ ಮಾಡಿಸಿಕೊಳ್ಳಬಹುದು. ಮಜೂರಿ ಹೋಗುತ್ತದೆ, ಬೆಳ್ಳಿ ಉಳಿಯುತ್ತದೆ.

ಸ್ಟೀಲ್ ಪಾತ್ರೆಗೆ ಬೇರೆಯೇ ಕಷ್ಟ. ಪಾತ್ರೆ ಅಂಗಡಿಯಲ್ಲಿ ಕೊಂಡ ಕೂಡಲೇ ಮೆಷಿನ್ ಹಿಡಿದು ಹೆಸರು ಕೆತ್ತಿಕೊಡುತ್ತಾರೆ. ಕೊಟ್ಟವರ ಹೆಸರು, ತಾರೀಕು ಅಂಚಿನಲ್ಲೋ ತಳದಲ್ಲೋ ಇರುತ್ತದೆ. ಮುಚ್ಚಳದ ಒಳಗೆ ಕೆತ್ತಿಸುವವರೂ ಇದ್ದಾರೆ, ಅಲ್ಲಿ ನಾವು ನೋಡುವುದೇ ಇಲ್ಲ. ಅದನ್ನು ಉಜ್ಜಿಸಿ ತೆಗೆಸಬಹುದು ಅಂತ ಕೆಲವರು ಹೇಳುತ್ತಾರೆ. ಉಜ್ಜಿದ ಜಾಗ ಬೇರೆ ಥರ ಹೊಳೆಯುತ್ತದೆ, ಓರೆ ಹಿಡಿದರೆ ಅಕ್ಷರದ ನೆರಳೂ ಕಾಣುತ್ತದೆ. ಹೆಸರಿರುವ ಪಾತ್ರೆಯನ್ನು ಉಡುಗೊರೆಯಾಗಿ ಕೊಡಬೇಡಿ. ದೇವಸ್ಥಾನದ ಅಥವಾ ಮಠದ ದಾಸೋಹದ ಅಡುಗೆ ಮನೆಗೆ ಕೊಡಿ. ಅಲ್ಲಿ ಎಲ್ಲ ಪಾತ್ರೆಯ ಮೇಲೂ ಯಾರದೋ ಹೆಸರು ಇದ್ದೇ ಇರುತ್ತದೆ, ಕೊಟ್ಟವರ ಹೆಸರು ಒಳ್ಳೆಯ ಜಾಗದಲ್ಲಿ ಉಳಿದಂತೆಯೂ ಆಗುತ್ತದೆ.

ಗೋಡೆ ಗಡಿಯಾರ ಕೊಡುವ ಮುಂಚೆ ಹಿಂದುಗಡೆ ಸೆಲ್ ಇದೆಯಾ ನೋಡಿ. ವರ್ಷಗಟ್ಟಲೆ ಒಳಗೇ ಇದ್ದ ಸೆಲ್ ಸೋರಿ ಬಿಳಿ ಪುಡಿ ಕಟ್ಟಿರುತ್ತದೆ, ಗಡಿಯಾರವೂ ನಡೆಯುವುದಿಲ್ಲ. ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಕುಕ್ಕರ್‌ಗಳ ಗ್ಯಾರಂಟಿ ಕೊಂಡ ದಿನದಿಂದ ಲೆಕ್ಕ. ಬಿಲ್ ನಿಮ್ಮ ಕೈಯಲ್ಲಿ ಇರುವುದಿಲ್ಲ. ಪಡೆದವರು ರಿಪೇರಿಗೆ ಹೋದಾಗ ಅಂಗಡಿಯವರು ಬಿಲ್ ಕೇಳುತ್ತಾರೆ, ಅವರು ನಿಮ್ಮನ್ನು ಕೇಳುತ್ತಾರೆ. ಇಂಥ ವಸ್ತುವನ್ನು ಗುಟ್ಟಾಗಿ ಕೊಡುವುದಕ್ಕಿಂತ "ನಮಗೆ ಎರಡು ಬಂತು, ಒಂದು ನೀನು ಬಳಸ್ತೀಯಾ?" ಅಂತ ಹೇಳಿಯೇ ಕೊಡುವುದು ಒಳ್ಳೆಯದು. ಡ್ರೈ ಫ್ರೂಟ್ ಡಬ್ಬಿಯ ಮೇಲೆ ತಾರೀಕು ಇರುತ್ತದೆ, ಆದರೆ ತಾರೀಕಿನ ಒಳಗೇ ಗೋಡಂಬಿ ಕಮಟು ಹಿಡಿಯಬಹುದು. ದೀಪಾವಳಿಗೆ ಬಂದದ್ದನ್ನು ಆ ವಾರದಲ್ಲೇ ಕೊಟ್ಟರೆ ಕೊಡಿ. ಸಂಕ್ರಾಂತಿಯವರೆಗೆ ಇಟ್ಟು ಕೊಡಬೇಡಿ.

ಪುಸ್ತಕಗಳ ಬಗ್ಗೆಯೂ ಒಂದು ಮಾತು. 2021ರಲ್ಲಿ ಸರ್ಕಾರಿ ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲು ಬೇಡ, ಕನ್ನಡ ಪುಸ್ತಕ ಕೊಡಿ ಅಂತ ರಾಜ್ಯ ಸರ್ಕಾರ ಸೂಚನೆ ಕೊಟ್ಟಿತು. ಖಾಸಗಿ ಸಮಾರಂಭಗಳಲ್ಲೂ ಪುಸ್ತಕ ಕೊಡುವವರು ಇದ್ದಾರೆ, ಅದು ನನಗೆ ತುಂಬಾ ಇಷ್ಟವಾದ ಪದ್ಧತಿ. ಆದರೆ ಮೊದಲ ಪುಟದಲ್ಲಿ 'ಪ್ರೀತಿಯಿಂದ' ಅಂತ ಬರೆದು ಸಹಿ ಹಾಕಿರುತ್ತಾರೆ. ಆ ಹಾಳೆ ಹರಿದು ಬೇರೆಯವರಿಗೆ ಕೊಡಬೇಡಿ. ಹರಿದ ಅಂಚು ಹೊಲಿಗೆಯ ಹತ್ತಿರ ಉಳಿಯುತ್ತದೆ, ಪುಸ್ತಕ ತೆರೆದ ಕೂಡಲೇ ಕಾಣುತ್ತದೆ. ಹಾಳೆ ಇದ್ದ ಹಾಗೇ ಶಾಲೆಯ ಲೈಬ್ರರಿಗೆ ಕೊಡಿ, ಕೊಟ್ಟವರಿಗೂ ತಿಳಿಸಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಬೆಲೆಯ ಬಗ್ಗೆಯೂ ಯೋಚಿಸಬೇಕು. ಮುಯ್ಯಿಯಲ್ಲಿ ಕಡಿಮೆಯಾಗಬಾರದು ಅಂತ ಎಲ್ಲರಿಗೂ ಗೊತ್ತು. ಜಾಸ್ತಿಯಾದರೂ ಕಷ್ಟ ಅನ್ನುವುದು ಹೊಳೆಯುವುದಿಲ್ಲ. ಸುಮ್ನೆ ಮನೆಯಲ್ಲಿ ಬಿದ್ದಿದೆ ಅಂತ ದುಬಾರಿ ಸೀರೆಯನ್ನೋ ದೊಡ್ಡ ಬೆಳ್ಳಿ ತಟ್ಟೆಯನ್ನೋ ಅಷ್ಟೇನೂ ಹತ್ತಿರವಲ್ಲದವರಿಗೆ ಕೊಡುತ್ತೇವೆ. ನಮಗೆ ಅದಕ್ಕೆ ಒಂದು ಪೈಸೆ ಖರ್ಚಾಗಿಲ್ಲ. ಆದರೆ ಅವರ ಪುಸ್ತಕದಲ್ಲಿ ಅದು ಪೂರ್ತಿ ಬೆಲೆಗೆ ದಾಖಲಾಗುತ್ತದೆ. ನಾಳೆ ನಮ್ಮ ಮನೆಯ ಮದುವೆಗೆ ಅವರು ಸಾಲ ಮಾಡಿಯಾದರೂ ಅಷ್ಟು ತೀರಿಸಬೇಕಾಗುತ್ತದೆ. ಅವರು ಹಿಂದೆ ನಿಮಗೆ ಎಷ್ಟರ ವಸ್ತು ಕೊಟ್ಟಿದ್ದರು ಅಂತ ನೋಡಿ, ಅದರ ಹತ್ತಿರದ್ದನ್ನೇ ಆರಿಸಿ.

ಮನೆಗೆಲಸಕ್ಕೆ ಬರುವವರಿಗೆ ಕೊಡುವ ವಿಷಯದಲ್ಲಿ ನನಗೆ ಸ್ವಲ್ಪ ಕೋಪವೇ ಬರುತ್ತದೆ. ಹಬ್ಬಕ್ಕೆ ಅವರಿಗೆ ಸಲ್ಲಬೇಕಾದ ದುಡ್ಡಿನ ಬದಲು, ಬೀರುವಿನಲ್ಲಿ ಯಾರಿಗೂ ಬೇಡವಾದ ಪಾಲಿಸ್ಟರ್ ಸೀರೆ ಕೊಟ್ಟು ಮುಗಿಸುವವರಿದ್ದಾರೆ. ಅವರಿಗೆ ಗೊತ್ತಾಗುವುದಿಲ್ಲ ಅಂದುಕೊಳ್ಳಬೇಡಿ. ಬೀರು ಒರೆಸುವವರು ಅವರೇ. ಹಬ್ಬದ ದುಡ್ಡನ್ನು ಪೂರ್ತಿ ಕೊಡಿ. ಸೀರೆ ಬೇರೆ ದಿನ, ಬೇಕಾ ಅಂತ ಕೇಳಿ, ಮೂರ್ನಾಲ್ಕು ತೋರಿಸಿ, ಅವರೇ ಆರಿಸಿಕೊಳ್ಳುವಂತೆ ಕೊಡಿ.

ಇಷ್ಟು ಹೇಳಿದ ಮೇಲೆ ಸಭೆಯಲ್ಲಿ ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಬರೆಯುತ್ತೇನೆ.

ಒಬ್ಬ ತಾಯಿ ಮಕ್ಕಳ ಹುಟ್ಟುಹಬ್ಬದ ಬಗ್ಗೆ ಕೇಳಿದರು. "ಒಂದೇ ಥರದ ಬಣ್ಣದ ಪೆನ್ಸಿಲ್ ಡಬ್ಬಿ, ಆಟದ ಸಾಮಾನು ಎಷ್ಟೊಂದು ಬರುತ್ತೆ ಮೇಡಂ. ಮುಂದಿನ ವಾರ ಇನ್ನೊಂದು ಮಗುವಿನ ಹುಟ್ಟುಹಬ್ಬ ಇರುತ್ತೆ. ಕೊಡಬಹುದಾ?" ಅಂತ. ನಾನು ಹೇಳಿದ್ದು: ಅದೇ ಕ್ಲಾಸಿನ, ಅದೇ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಕೊಡಬೇಡಿ. ಹುಟ್ಟುಹಬ್ಬಕ್ಕೆ ಬರುವ ಮಕ್ಕಳು ಎಲ್ಲ ಕಡೆಯೂ ಅವರೇ. ಪೇಪರ್ ಹರಿದ ಕೂಡಲೇ "ಇದು ನಾನು ಕೊಟ್ಟಿದ್ದು" ಅಂತ ಮಗು ಎಲ್ಲರೆದುರು ಹೇಳುತ್ತದೆ. ದೊಡ್ಡವರು ಕಂಡರೂ ಸುಮ್ಮನಿರುತ್ತಾರೆ, ಮಕ್ಕಳಿಗೆ ಅದು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಬೇರೆ ಊರಿನ ಅಕ್ಕನ ಮಗುವಿಗೋ, ಅಂಗನವಾಡಿಗೋ ಕೊಡಿ. ಅದಕ್ಕೂ ಮುಂಚೆ ನಿಮ್ಮ ಮಗುವನ್ನು ಕೇಳಿ. ಉಡುಗೊರೆ ಬಂದದ್ದು ಅದಕ್ಕೆ, ನಮಗೆ ಅಲ್ಲ. ಮಗುವಿಗೆ ಹೇಳದೆ ತೆಗೆದು ಕೊಟ್ಟರೆ, ಒಂದು ದಿನ ಅದನ್ನು ಹುಡುಕಿಕೊಂಡು ಅಳುತ್ತಾ ಬರುತ್ತದೆ, ಅದೂ ಕೊಟ್ಟವರು ಮನೆಗೆ ಬಂದ ದಿನವೇ ಆಗಬಹುದು.

ಇನ್ನೊಬ್ಬರು ಹಿರಿಯರು ನೇರವಾಗಿಯೇ ಕೇಳಿದರು. "ಎಷ್ಟು ಜಾಗ್ರತೆ ಮಾಡಿದರೂ ಗೊತ್ತಾಗಿಬಿಟ್ಟರೆ ಏನಮ್ಮಾ ಮಾಡೋದು?"

ಗೊತ್ತಾದ ಮೇಲೆ ಸುಳ್ಳು ಹೇಳಬೇಡಿ. 'ಅದೇ ಥರದ್ದು ಇನ್ನೊಂದು ಕೊಂಡು ಕೊಟ್ಟೆವು' ಅಂತ ಹೇಳಿದರೆ, 'ಹಾಗಾದರೆ ನಾನು ಕೊಟ್ಟದ್ದು ತೋರಿಸು' ಅಂತ ಅವರು ಬಾಯಿಬಿಟ್ಟು ಕೇಳದಿದ್ದರೂ ಮನಸ್ಸಿನಲ್ಲಿ ಕೇಳಿಕೊಳ್ಳುತ್ತಾರೆ. ಮೊದಲನೆಯದು ಮರ್ಯಾದೆಯ ಪ್ರಶ್ನೆ ಆಗಿತ್ತು, ಸುಳ್ಳು ಹೇಳಿದ ಮೇಲೆ ನಂಬಿಕೆಯ ಪ್ರಶ್ನೆ ಆಗುತ್ತದೆ. ತುಂಬಾ ಕ್ಷಮೆ ಕೇಳುವುದೂ ಬೇಡ, ವಿಷಯ ದೊಡ್ಡದಾಗುತ್ತದೆ. ಎಲ್ಲರ ಮುಂದೆ ಮಾತು ಬಂದರೆ ಅಲ್ಲೇ ವಿವರಿಸಲು ಹೋಗಬೇಡಿ. "ಹೌದು ಅಕ್ಕ, ಆಮೇಲೆ ಮಾತಾಡೋಣ" ಅಂತ ಹೇಳಿ, ಅವತ್ತೇ ರಾತ್ರಿಯೋ ಮರುದಿನವೋ ಫೋನ್ ಮಾಡಿ. ಯಾಕೆ ಕೊಟ್ಟಿರಿ, ಯಾರಿಗೆ ಕೊಟ್ಟಿರಿ, ಅವರಿಗೆ ಅದು ಹೇಗೆ ಕೆಲಸಕ್ಕೆ ಬಂತು ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಈಗ ವಸ್ತು ಯಾರ ಮನೆಯಲ್ಲಿ ಇದೆಯೋ ಅವರಿಗೂ ಹೇಳಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. ಕೊಟ್ಟವರನ್ನು ಸಮಾಧಾನ ಮಾಡಿ ಸುಮ್ಮನಾಗುತ್ತೇವೆ, ಪಡೆದವರಿಗೆ ವಿಷಯ ಮೂರನೆಯವರ ಬಾಯಿಂದ ಹೋಗುತ್ತದೆ. ಅದಕ್ಕೆ ಮುಂಚೆ ನೀವೇ ಹೇಳಿ: "ಅದು ನಮಗೆ ಬಂದದ್ದು, ನಿಮ್ಮ ಮನೆಗೆ ಚೆನ್ನಾಗಿ ಹೊಂದುತ್ತೆ ಅಂತ ಕೊಟ್ಟೆ, ಅವತ್ತೇ ಹೇಳಬೇಕಿತ್ತು." ವಸ್ತುವನ್ನು ವಾಪಸು ಕೇಳುವುದಾಗಲಿ, ಅದರ ಬದಲು ಬೇರೆ ತಂದು ಕೊಡುವುದಾಗಲಿ ಬೇಡ. ಹಾಗೆ ಮಾಡಿದರೆ ಅವರು ಅದನ್ನು ಬಳಸಲಾರರು, ಇಟ್ಟುಕೊಳ್ಳಲೂ ಆರರು. ಆ ಎರಡೂ ಮನೆಯ ಮುಂದಿನ ಶುಭಕಾರ್ಯಕ್ಕೆ ಅಟ್ಟದಿಂದ ಏನನ್ನೂ ಇಳಿಸದೆ, ಅಂಗಡಿಗೆ ಹೋಗಿ, ಅವರಿಗೆ ಏನು ಬೇಕು ಅಂತ ಕೇಳಿಕೊಂಡೇ ತನ್ನಿ.